ಜೇನ್ ಅನ್ನಲಾ, ಮೇಡಂ ಅನ್ನಲಾ?

ರಜೆಗೆ ತೀರ್ಥಹಳ್ಳಿಗೆ ಬಂದು ವಾರ ಆಯಿತು. ಮಳೆ ಬಿಟ್ಟಿಲ್ಲ. ಪಕ್ಕದ ಮನೆಯ ಹುಡುಗಿ ಸೆಪ್ಟೆಂಬರ್‌ನಲ್ಲಿ ಓದಲು ಇಂಗ್ಲೆಂಡಿಗೆ ಹೊರಟಿದ್ದಾಳೆ. ಮೊನ್ನೆ ಮಧ್ಯಾಹ್ನ ಲ್ಯಾಪ್‌ಟಾಪನ್ನು ಸೆರಗಿನಡಿ ಮಗುವಿನ ಹಾಗೆ ಮುಚ್ಚಿಕೊಂಡು ನಮ್ಮ ಜಗಲಿಗೆ ಓಡಿ ಬಂದಳು. "ಮಾವ, ಕೋರ್ಸಿನ ಮೇಡಂಗೆ ಒಂದು ಮೇಲ್ ಕಳಿಸ್ಬೇಕು. ಸರಿ ಇದ್ಯಾ ನೋಡ್ತೀರಾ?"

ನೋಡಿದೆ. ಮೊದಲ ಸಾಲು: "ರೆಸ್ಪೆಕ್ಟೆಡ್ ಮೇಡಂ". ನಗು ಬರಲಿಲ್ಲ. 18 ವರ್ಷದ ಹಿಂದೆ ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಹೋದ ಮೊದಲ ವಾರ ನಾನೂ ಅಕ್ಷರ ಬಿಡದೆ ಇದನ್ನೇ ಬರೆದಿದ್ದೆ.

ವೀಸಾ, ಬ್ಯಾಂಕ್ ಖಾತೆ, ಡಾಕ್ಟರ ಹತ್ತಿರ ಹೆಸರು ಬರೆಸುವುದು, ಇದಕ್ಕೆಲ್ಲ ವಿಶ್ವವಿದ್ಯಾಲಯದವರೇ ಪಟ್ಟಿ ಕೊಡುತ್ತಾರೆ. ವೀಸಾ ಹೊರಡುವ ಮೊದಲೇ, ಉಳಿದದ್ದು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮುಗಿಸಿಬಿಡಿ. ಎದುರಿಗಿದ್ದವರನ್ನು ಏನೆಂದು ಕರೆಯಬೇಕು ಅನ್ನುವುದಕ್ಕೆ ಮಾತ್ರ ಯಾರೂ ಪಟ್ಟಿ ಕೊಡುವುದಿಲ್ಲ. ನಾನು ಜಾಸ್ತಿ ಬೆವರಿದ್ದು ಅಲ್ಲೇ.

ತಪ್ಪು ಎಲ್ಲಿಂದ ಬರುತ್ತದೆ ನೋಡಿ. ನಮಗೆ ಶಾಲೆಯಲ್ಲಿ ಪತ್ರ ಬರೆಯಲು ಕಲಿಸಿದ್ದು ಹೇಗೆ? ಅಪ್ಪನಿಗೆ 'ತೀರ್ಥರೂಪು', ತಮ್ಮನಿಗೆ 'ಚಿರಂಜೀವಿ', ಸಾಹೇಬರಿಗೆ 'ಮಾನ್ಯರೇ'. ಮೊದಲ ಪದ ಓದಿದರೆ ಸಾಕು, ಬರೆದವನು ದೊಡ್ಡವನೋ ಚಿಕ್ಕವನೋ ತಿಳಿಯುತ್ತಿತ್ತು. ಇಂಗ್ಲಿಷಿನ 'ಡಿಯರ್' ಈ ಕೆಲಸ ಮಾಡುವುದೇ ಇಲ್ಲ. ಅಮ್ಮನಿಗೂ ಡಿಯರ್, ತೆರಿಗೆ ಕಚೇರಿಗೂ ಡಿಯರ್. ನಮಗೆ ಅದು ಸಪ್ಪೆ ಅನಿಸುತ್ತದೆ. ಅದಕ್ಕೇ ಮರ್ಯಾದೆ ಸಾಲದೇನೋ ಅಂತ 'ರೆಸ್ಪೆಕ್ಟೆಡ್' ತಂದು ಸುರಿಯುತ್ತೇವೆ. ಅಲ್ಲಿಯವರಿಗೆ ಅದರಲ್ಲಿ ಮರ್ಯಾದೆ ಕಾಣುವುದಿಲ್ಲ. ಎಲ್ಲಿಂದಲೋ ನಕಲು ಮಾಡಿದ ಅರ್ಜಿ ಅನಿಸುತ್ತದೆ.

ಹುಡುಗಿ ಬರೆಯಬೇಕಾದ ಮೇಡಂ ಹೆಸರು ಜೇನ್ ಬ್ರೌನ್ ಅಂತ ಇಟ್ಟುಕೊಳ್ಳಿ. ವಿಭಾಗದ ಪುಟದಲ್ಲಿ 'ಡಾಕ್ಟರ್ ಜೇನ್ ಬ್ರೌನ್' ಎಂದಿತ್ತು. ಹಾಗಿದ್ದರೆ ಮೊದಲ ಮೇಲ್ 'ಡಿಯರ್ ಡಾಕ್ಟರ್ ಬ್ರೌನ್'. 'ಡಾಕ್ಟರ್ ಜೇನ್' ಅಲ್ಲ. ಡಾಕ್ಟರ್, ಮಿಸ್ಟರ್, ಮಿಸ್ ಇವೆಲ್ಲ ಕೊನೆಯ ಹೆಸರಿಗೆ ಅಂಟಿಕೊಳ್ಳುವ ಪದಗಳು. ನಾವು 'ಸುರೇಶ್ ಸರ್', 'ಮಂಜುಳಾ ಮೇಡಂ' ಎಂದು ಕರೆದು ಬೆಳೆದವರು, ಮೊದಲ ಹೆಸರಿಗೆ ಕೈ ತಾನಾಗಿ ಹೋಗುತ್ತದೆ. ಅಲ್ಲಿ 'ಸರ್' ಪದವನ್ನು ಮೊದಲ ಹೆಸರಿನ ಜೊತೆ ಸೇರಿಸುವುದು ರಾಜಮನೆತನದಿಂದ ಆ ಬಿರುದು ಪಡೆದವರಿಗೆ. ನಾನು ನಮ್ಮ ಕಚೇರಿಯ ಸ್ಟೋರ್ ನೋಡಿಕೊಳ್ಳುವವರಿಗೆ ಒಂದು ತಿಂಗಳು ಈ ಬಿರುದು ಕೊಟ್ಟಿದ್ದೆ. ಅವರು ಬೇಡ ಅನ್ನಲಿಲ್ಲ.

ಮದುವೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಹೆಂಗಸರಿಗೆ 'ಮಿಜ಼್' ಎಂದು ಓದುವ 'Ms' ಬರೆಯಿರಿ. ಗಂಡೋ ಹೆಣ್ಣೋ ಹೆಸರಿನಿಂದ ತಿಳಿಯದಿದ್ದರೆ ಪೂರ್ತಿ ಹೆಸರು ಬರೆದರೆ ಆಯಿತು. ಹೆಸರೇ ಗೊತ್ತಿಲ್ಲದಿದ್ದರೆ 'ಡಿಯರ್ ಸರ್ ಆರ್ ಮೇಡಂ', ಕೊನೆಗೆ 'ಯುವರ್ಸ್ ಫೇತ್‌ಫುಲಿ'. ಹೆಸರು ಹಾಕಿದ ಔಪಚಾರಿಕ ಪತ್ರಕ್ಕೆ 'ಯುವರ್ಸ್ ಸಿನ್ಸಿಯರ್ಲಿ'. ಇಷ್ಟೇ, ಮುಂದೆ ಹೋಗೋಣ.

ಮುಂದಿನ ಹೆಜ್ಜೆ ನಿಜವಾದ ಹೆಜ್ಜೆ. ಉತ್ತರ ಬಂದಾಗ ಮೊದಲು ಅದರ ಕೊನೆಯ ಸಾಲು ನೋಡಿ. ಕೆಳಗೆ ಅಚ್ಚಾದ ಹುದ್ದೆ, ಫೋನ್ ನಂಬರ್ ಅಲ್ಲ, ಅದರ ಮೇಲೆ ಅವರೇ ಬರೆದ ಹೆಸರು. ಬರೀ 'ಜೇನ್' ಎಂದಿದ್ದರೆ 'ನನ್ನನ್ನು ಜೇನ್ ಅನ್ನು' ಎಂದು ಹೇಳಿದ ಹಾಗೆ. ಮುಂದಿನ ಮೇಲ್ 'ಡಿಯರ್ ಜೇನ್'. ಅವರು ನಿಮಗೆ 'ಹಾಯ್' ಅಂದಿದ್ದರೆ ನೀವೂ 'ಹಾಯ್ ಜೇನ್' ಅನ್ನಬಹುದು. 'ಜೆ. ಬ್ರೌನ್' ಎಂದಿದ್ದರೆ ಹಳೆಯ ಕಡೆಯೇ ನಿಲ್ಲಿ. 'ಹಲೋ' ಅನ್ನುವುದು 'ಡಿಯರ್', 'ಹಾಯ್' ಎರಡರ ನಡುವಿನ ಜಗಲಿ, ಒಳಗೂ ಅಲ್ಲ ಹೊರಗೂ ಅಲ್ಲ. ನಾಲ್ಕಾರು ಜನರಿಗೆ ಒಟ್ಟಿಗೆ ಬರೆಯುವಾಗ ಅದು ಒಳ್ಳೆಯದು.

ಇದು ಗೊತ್ತಿಲ್ಲದೆ ನಾನು ಮಾಡಿದ್ದು ಕೇಳಿ. ನನ್ನ ಮೊದಲ ಮ್ಯಾನೇಜರ್ ನನಗಿಂತ 25 ವರ್ಷ ದೊಡ್ಡವರು. ಮೇಲ್ ಕೊನೆಗೆ ಯಾವತ್ತೂ ಬರೀ ಮೊದಲ ಹೆಸರು. ನಾನು ಅದರ ಹಿಂದೆ ಮೇಡಂ ಸೇರಿಸಿದೆ. "ಹೆಸರು ಹಿಡಿದು ಕರೆ, ಸಾಕು" ಅಂದರು. ನಾಲಿಗೆ ಹೊರಳಬೇಕಲ್ಲ! ನಮ್ಮಮ್ಮನ ವಯಸ್ಸಿನವರು. ಕೊನೆಗೆ ಹೆಸರನ್ನೇ ಬಿಟ್ಟೆ. ಮೇಲ್ ಸೀದಾ ವಿಷಯದಿಂದ ಶುರು. ಮಾತಾಡಬೇಕಿದ್ದರೆ ಅವರ ಮೇಜಿನ ಪಕ್ಕ ಹೋಗಿ ನಿಂತು ಕೆಮ್ಮುತ್ತಿದ್ದೆ. ನಮ್ಮ ಊರಲ್ಲಿ ಹೆಸರಿಲ್ಲದೆ ಸಂಸಾರವನ್ನೇ ನಡೆಸಬಹುದು. 'ಇವ್ರೇ', 'ಇಲ್ಕೇಳಿ', ಒಂದು 'ರೀ' ಇದ್ದರೆ ಸಾಕು. ಇಂಗ್ಲಿಷಿನಲ್ಲಿ 'ರೀ' ಇಲ್ಲ. ಎಂಟು ತಿಂಗಳಾದ ಮೇಲೆ ಪಕ್ಕದಲ್ಲಿ ಕೂರುವವನು ಮೆಲ್ಲಗೆ ಕೇಳಿದ: "ಅವರ ಮೇಲೆ ನಿನಗೆ ಏನಾದರೂ ಸಿಟ್ಟಿದೆಯಾ?" ನಾನು ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಅದನ್ನು ಮುನಿಸು ಅಂದುಕೊಂಡಿದ್ದರು. ಹೆಸರಿಟ್ಟು ಕರೆಯದವನು ಅಲ್ಲಿ ದೂರ ನಿಂತವನು.

ಇನ್ನೊಂದು ಹೇಳಲು ಈಗಲೂ ನಾಚಿಕೆ. 'ಡಿಯರ್' ಬಿಗಿ, 'ಹಾಯ್' ಸಲಿಗೆ ಎಂದು ಕಲಿತ ಹೊಸದರಲ್ಲಿ ಎರಡನ್ನೂ ಬೆರೆಸಿದರೆ ಹದ ಬರುತ್ತದೆ ಅಂದುಕೊಂಡೆ. ಜೊತೆಗೆ ಕೆಲಸ ಮಾಡುವ ಹುಡುಗಿಗೆ 'ಹಾಯ್ ಡಿಯರ್' ಎಂದು ಬರೆದು, ಲೆಕ್ಕದ ಹಾಳೆ ಕಳಿಸು ಅಂದೆ. ಹಾಳೆ ಬಂತು. ಮೇಲಿನ ಸಾಲಿನಲ್ಲಿ ಮಾತ್ರ ಯಾವತ್ತೂ ಇರುತ್ತಿದ್ದ 'ಹಾಯ್' ಇರಲಿಲ್ಲ. ಡಿಯರ್ ಹಿಂದೆ ಹೆಸರಿದ್ದರೆ ಅದು ಬರೀ ಪತ್ರದ ಶಾಸ್ತ್ರ. ಹೆಸರು ಬಿಟ್ಟರೆ 'ಮುದ್ದು', 'ಚಿನ್ನ' ಅಂದ ಹಾಗೆ. ಸಹೋದ್ಯೋಗಿಗೆ, ಅದೂ ಹೆಂಗಸರಿಗೆ, ಸಲ್ಲದು. ಮರುದಿನ ಹೋಗಿ, ಇಲ್ಲಿ ಇದಕ್ಕಿರುವ ಅರ್ಥ ತಿಳಿಯದೆ ಬರೆದೆ, ತಪ್ಪಾಯಿತು ಅಂದೆ. ಒಪ್ಪಿಕೊಂಡಳು. ಅಲ್ಲಿಗೆ ಮುಗಿಯಿತು. ಮುಚ್ಚಿಟ್ಟಿದ್ದರೆ ಮುಗಿಯುತ್ತಿರಲಿಲ್ಲ.

ಇದರ ಮಧ್ಯೆ ಯಾರ್ಕ್‌ಶೈರಿನ ಬೇಕರಿಯಲ್ಲಿ ಬ್ರೆಡ್ ಕೊಡುವ ಅಜ್ಜಿ ನಿಮ್ಮನ್ನು 'ಲವ್' ಅನ್ನುತ್ತಾರೆ. ಬಸ್ಸಿನ ಡ್ರೈವರೂ ಅನ್ನಬಹುದು. ಗಾಬರಿ ಬೇಡ. ಅದು ನಮ್ಮ ಕಡೆಯ 'ಮಾರಾಯ' ಇದ್ದ ಹಾಗೆ. ತೆಗೆದುಕೊಳ್ಳಿ, ತಿರುಗಿ ಕೊಡಲು ಹೋಗಬೇಡಿ. ಹೊರಗಿನವನು 'ಮಾರಾಯ' ಅಂದರೆ ಕಿವಿಗೆ ಹೇಗೆ ಕೇಳುತ್ತದೆ ಗೊತ್ತಲ್ವಾ?

ಒಂದು ಸೂಚನೆ ಯಾರೂ ಹೇಳಲಿಲ್ಲ, ನಾನೇ ಕಲಿತೆ. ವರ್ಷವಿಡೀ 'ಹಾಯ್' ಬರೆಯುತ್ತಿದ್ದವರು ಒಂದು ದಿನ 'ಡಿಯರ್' ಎಂದು ಶುರು ಮಾಡಿದರೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಓದಿ. ದೂರೋ, ಕೆಟ್ಟ ಸುದ್ದಿಯೋ, ದಾಖಲೆಗೆ ಉಳಿಯಬೇಕಾದ ಮಾತೋ ಇರುವ ಸಾಧ್ಯತೆ ಹೆಚ್ಚು. ಹಾಗೇ ಒಂದೇ ದಿನ ನಾಲ್ಕು ಸಲ ಮೇಲ್ ಓಡಾಡಿ, ಮೂರನೆಯದರಲ್ಲಿ ಹೆಸರೂ ಇಲ್ಲದೆ 'ಆಯಿತು, ಥ್ಯಾಂಕ್ಸ್' ಎಂದಷ್ಟೇ ಬಂದರೆ ಬೇಜಾರಾಗಬೇಡಿ. ಅದು ಮಾತುಕತೆ, ಪತ್ರ ಅಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ಗೋಜಲು. ಅಲ್ಲಿ ಶಸ್ತ್ರಚಿಕಿತ್ಸಕರನ್ನು ಡಾಕ್ಟರ್ ಅನ್ನುವುದಿಲ್ಲ. ಮಿಸ್ಟರ್, ಮಿಸ್ ಅನ್ನುತ್ತಾರೆ. ಹಿಂದೆ ಕ್ಷೌರಿಕರೂ ಶಸ್ತ್ರಚಿಕಿತ್ಸಕರೂ ಒಂದೇ ಸಂಘದಲ್ಲಿದ್ದರು. 1745ರಲ್ಲಿ ಬೇರೆಯಾದರು. ಪದವಿ ಇಲ್ಲದೆ ಗುರುವಿನ ಕೈಕೆಳಗೆ ಕಲಿತವರಾದ್ದರಿಂದ ಡಾಕ್ಟರ್ ಆಗಿರಲಿಲ್ಲ. ಈಗ ಪದವಿ ಇದೆ, ಆದರೂ ಹಳೆಯ ಮಿಸ್ಟರನ್ನೇ ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ನಾನು ಒಬ್ಬರನ್ನು ಡಾಕ್ಟರ್ ಎಂದೇ ಕರೆದೆ. ಆಕಾಶ ಬೀಳಲಿಲ್ಲ.

ಅವರನ್ನು ಕರೆಯುವುದಾಯಿತು. ಅವರು ನಮ್ಮನ್ನು ಏನನ್ನುತ್ತಾರೆ? ನಮ್ಮ ಕಡೆಯ ಬಹಳ ಮಂದಿಯ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಹೋಗಿರುತ್ತದೆ. ನನ್ನದೂ ಹಾಗೇ. ಬ್ಯಾಂಕಿನ ಮೊದಲ ಪತ್ರ 'ಡಿಯರ್ ಮಿಸ್ಟರ್' ಎಂದು ಅಪ್ಪನ ಹೆಸರಿಗೆ ಬಂತು. ಕ್ಲಿನಿಕ್ಕಿನಲ್ಲಿ ಆ ಹೆಸರು ಕೂಗಿದಾಗ ನಾನು ಸುಮ್ನೆ ಕೂತಿದ್ದೆ, ಸರದಿ ತಪ್ಪಿತು. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ಸಾಲದ ಪತ್ರನೂ ನನ್ ಹೆಸ್ರಿಗೇ ಬರ್ತದಾ?" ಎಂದು ನಕ್ಕರು. ಈಗ ಅವರಿಲ್ಲ. ತೀರ್ಥಹಳ್ಳಿಯಲ್ಲಿ ಆ ಹೆಸರು ಹಿಡಿದು ಕೇಳುವವರು ಕಡಿಮೆಯಾದರು. ಅಲ್ಲಿ ಮಾತ್ರ ಹಲ್ಲಿನ ಡಾಕ್ಟರ ರಿಸೆಪ್ಷನ್ನಿನಲ್ಲಿ ಆರು ತಿಂಗಳಿಗೊಮ್ಮೆ ಅಪ್ಪನನ್ನು ಕರೆಯುತ್ತಾರೆ, ನಾನು ಎದ್ದು ಹೋಗುತ್ತೇನೆ.

ಅಮ್ಮ ಒಂದು ಬೇಸಿಗೆ ನಮ್ಮ ಜೊತೆ ಇದ್ದರು. ಎದೆ ಬಿಗಿದ ಹಾಗಾಗಿ ತುರ್ತು ವಿಭಾಗಕ್ಕೆ ಕರೆದೊಯ್ದೆವು. ನರ್ಸ್ ಮೊದಲು ತನ್ನ ಹೆಸರು ಹೇಳಿದಳು. ಅಲ್ಲಿ ಈ ಅಭ್ಯಾಸಕ್ಕೆ ಬಲ ಬಂದಿದ್ದು ಯಾರ್ಕ್‌ಶೈರಿನ ವೈದ್ಯೆ ಕೇಟ್ ಗ್ರೇಂಜರ್ ಅವರಿಂದ. ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ ಸಿಬ್ಬಂದಿ ಹೆಸರು ಹೇಳಿಕೊಳ್ಳದೆ ಬಂದು ಹೋಗುವುದನ್ನು ಕಂಡು, 2013ರಲ್ಲಿ 'ಹಲೋ, ಮೈ ನೇಮ್ ಈಸ್' ಎಂಬ ಅಭಿಯಾನ ಶುರು ಮಾಡಿದರು. ಆಮೇಲೆ ನರ್ಸ್ ಕೇಳಿದಳು: "ನಿಮ್ಮನ್ನು ಏನೆಂದು ಕರೆಯಲಿ?" ನಾನು 'ಅಮ್ಮ ಅನ್ನಿ' ಎಂದು ಹೇಳಲು ಬಾಯಿ ತೆರೆದೆ. ಅಮ್ಮ ಅಷ್ಟರಲ್ಲಿ ತಮ್ಮ ಹೆಸರು ಹೇಳಿಬಿಟ್ಟಿದ್ದರು. ಆ ಹುಡುಗಿ ರಾತ್ರಿಯಿಡೀ ಅದನ್ನೇ ಸೊಟ್ಟಪಟ್ಟಾಗಿ ಕರೆದಳು. ಅಪಮಾನವಾಯಿತೇನೋ ಅಂತ ಮನೆಗೆ ಬಂದು ಕೇಳಿದೆ. "ಮದ್ವೆ ಆದ್ಮೇಲೆ ನನ್ ಹೆಸ್ರು ಹಿಡ್ದು ಕರ್ದಿದ್ದು ಅವಳೇ ಮಾರಾಯ" ಅಂದರು. ಅತ್ತಿಗೆ, ಚಿಕ್ಕಮ್ಮ, ಮೇಷ್ಟ್ರ ಹೆಂಡತಿ, ಇಷ್ಟೇ ಆಗಿದ್ದರಲ್ಲ ಇಲ್ಲಿ. ನಾನು ಮರ್ಯಾದೆ ಅಂದುಕೊಂಡಿದ್ದರಲ್ಲಿ ಇದೂ ಇತ್ತು ಎಂದು ನನಗೆ ಹೊಳೆದಿರಲೇ ಇಲ್ಲ.

ಮಕ್ಕಳಿಗೆ ಉಲ್ಟಾ ಕಷ್ಟ. ನನ್ನ ಮಗಳಿಗೆ 11 ವರ್ಷ. ಅಲ್ಲಿ ಪಕ್ಕದ ಮನೆಯ 80 ದಾಟಿದ ಅಜ್ಜಿಯನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಆ ಅಜ್ಜಿಯೇ ಹೇಳಿದ್ದು. ಶಾಲೆಯ ಟೀಚರಿಗೆ ಮಾತ್ರ 'ಮಿಸ್'. ಇಲ್ಲಿಗೆ ಬಂದ ಮೊದಲ ದಿನ, ಅಡಿಕೆ ತೋಟದ ಗೌಡರಿಗೆ, ನಾವು ಮನೆಯಲ್ಲಿ ಮಾತಾಡುವಾಗ ಅವರ ಹೆಸರು ಕೇಳಿದ್ದಳಲ್ಲ, 'ಹಾಯ್' ಎಂದು ಹೆಸರು ಸೇರಿಸಿಯೇ ಕೂಗಿದಳು. ಗೌಡರು ಎಲೆಯಡಿಕೆ ಉಗುಳಿ, "ಯಾರ್ದು ಇದು?" ಅಂದರು. ಈಗ ಪ್ರತಿ ಮನೆಯ ದಣಪೆ ದಾಟುವ ಮೊದಲು ನನ್ನ ಅಂಗಿ ಎಳೆದು ಕೇಳುತ್ತಾಳೆ: "ಇವರು ಮಾವನಾ, ಅಜ್ಜನಾ?" ಅಲ್ಲಿ ನಾನು ಕೆಮ್ಮುತ್ತಾ ನಿಂತಿದ್ದು ನೆನಪಾಗುತ್ತದೆ.

ಜಗಲಿಯ ಹುಡುಗಿಯ ಕಥೆ ಬಾಕಿ ಉಳಿಯಿತು. 'ಡಿಯರ್ ಡಾಕ್ಟರ್ ಬ್ರೌನ್' ಎಂದು ತಿದ್ದಿ ಕಳಿಸಿದೆವು. ಸಂಜೆ ಉತ್ತರ ಬಂತು. 'ಹಾಯ್' ಎಂದು ಅವಳ ಹೆಸರು, ಕೊನೆಗೆ ಬರೀ 'ಜೇನ್'. ಹುಡುಗಿ ಪರದೆ ತಿರುಗಿಸಿ ತೋರಿಸಿದಳು.

"ಈಗ ಎಂಥ ಬರೀಲಿ ಮಾವ?"

"ಹಾಯ್ ಜೇನ್ ಅಂತ ಬರಿ."

ಬರೆದಳು. ಅಳಿಸಿದಳು. 'ಡಿಯರ್ ಜೇನ್' ಅಂದಳು. ಅದನ್ನೂ ಅಳಿಸಿ 'ಜೇನ್ ಮೇಡಂ' ಮಾಡಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಗುಡುಗಿ ಕರೆಂಟ್ ಹೋಯಿತು, ನೆಟ್‌ವರ್ಕೂ ಹೋಯಿತು. "ಬೆಳಿಗ್ಗೆ ಕಳಿಸ್ತೀನಿ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.