ಮೊಟ್ಟೆ ಕಸ್ಟರ್ಡ್ ತೂತು ಬೀಳದಂತೆ ಬೇಯಿಸಿದ ಕ್ರಮ
ಕುಂಬಳೆಯ ನಮ್ಮ ಮನೆಯ ಇಡ್ಲಿ ಪಾತ್ರೆಯಲ್ಲಿ ಬೇಯಿಸುತ್ತಿದ್ದ ಚೀನೀ ಶೈಲಿಯ ಉಪ್ಪಿನ ಮೊಟ್ಟೆ ಕಸ್ಟರ್ಡ್ ಪ್ರತಿ ಸಲವೂ ಜೇನುಗೂಡಿನಂತೆ ತೂತುಬಿದ್ದು ನೀರು ಬಿಡುತ್ತಿತ್ತು. ಹೆಚ್ಚು ಕಡೆದಾಗ ನೊರೆಯೇ ಹೆಚ್ಚಿತು. ನೀರು ಕಡಿಮೆ ಮಾಡಿದಾಗ ರಬ್ಬರಿನಂತಾಯಿತು.

ಎರಡು ಮೊಟ್ಟೆ ಒಡೆದರೆ ಸುಮಾರು 100 ಮಿಲಿ ಆಗುತ್ತದೆ. ಅದಕ್ಕೆ ಕುದಿಸಿ ಉಗುರುಬೆಚ್ಚಗಾಗಿಸಿದ 200 ಮಿಲಿ ನೀರು ಮತ್ತು ಕಾಲು ಚಮಚ ಉಪ್ಪನ್ನು ಸೇರಿಸಿ, ನಿಧಾನವಾಗಿ ಕಲಸಿ, ಚಹಾ ಜರಡಿಯಲ್ಲಿ ಸೋಸಿ, ಮೇಲಿನ ಗುಳ್ಳೆಗಳನ್ನು ತೆಗೆದೆ. ಮುಚ್ಚಳದ ಹನಿ ಬೀಳದಂತೆ ಬಟ್ಟಲಿಗೆ ತಟ್ಟೆ ಮುಚ್ಚಿ, ನೀರು ಕುದಿದ ಬಳಿಕವೇ ಒಳಗಿಟ್ಟು, ಉರಿಯನ್ನು ತೀರಾ ಸಣ್ಣದಾಗಿಸಿ, ಪಾತ್ರೆಯ ಮುಚ್ಚಳದಡಿ ಚಮಚ ಸಿಕ್ಕಿಸಿ ಹಬೆಗೆ ದಾರಿ ಬಿಟ್ಟು 12 ನಿಮಿಷ ಬೇಯಿಸಿದೆ. ತೂತಿಗೆ ಮುಖ್ಯ ಕಾರಣ ಜೋರು ಹಬೆಯೇ ಆಗಿತ್ತು. ಬಟ್ಟಲನ್ನು ಅಲುಗಿಸಿದಾಗ ನಡುಭಾಗ ಮಾತ್ರ ಮೆಲ್ಲನೆ ನಡುಗಿದರೆ ಇಳಿಸಬಹುದು. ಆಳವಾದ ಬಟ್ಟಲಿಗೆ ಇನ್ನೂ ಮೂರ್ನಾಲ್ಕು ನಿಮಿಷ ಬೇಕು.