ಕಂಪನಿ ಪಾಲಿಸಿ ಮುರೀದೆ ಲಿಂಕ್ಡ್‌ಇನ್‌ನಲ್ಲಿ ಹೆಸರು ಮಾಡಿದ್ದು: ನನ್ನ ಅನುಭವ

ನಾನು ಡೇಟಾಬೇಸ್ ಟ್ಯೂನಿಂಗ್ ಕೆಲಸದವನು, ಬೆಂಗಳೂರಲ್ಲಿ ಲಿಸ್ಟೆಡ್ ಐಟಿ ಕಂಪನಿ ಒಂದರಲ್ಲಿದ್ದೀನಿ. "ಎಚ್‌ಆರ್ ಹತ್ರ ಕೇಳಿದ್ರೆ ಬೇಡ ಅಂತಾನೇ ಬರುತ್ತೆ, ಕೇಳ್ದೆ ಬರ್ಕೊಂಡು ಹೋಗಿ ಸಾರ್" ಅಂತ ಟೀಮಲ್ಲಿ ಎಲ್ರೂ ಹೇಳ್ತಿದ್ರು. ನಾನು ಕೇಳೇ ಶುರು ಮಾಡಿದೆ. ಈಗ ಎರಡು ವರ್ಷದ ಹತ್ರ ಆಯ್ತು, ವಾರಕ್ಕೊಂದು ಪೋಸ್ಟ್ ಹಾಕ್ತಾ ಇದ್ದೀನಿ, ಫಾಲೋವರ್ಸ್ ಹನ್ನೊಂದೋ ಹನ್ನೆರಡೋ ಸಾವಿರ ಇರ್ಬೇಕು, ಕಂಪ್ಲಯನ್ಸ್‌ನಿಂದ ಒಂದು ನೋಟಿಸ್ ಬಂದಿಲ್ಲ.

ಮೊದಲ ಸಲ "ಬ್ಲಾಗ್ ಬರೀಬಹುದಾ" ಅಂತ ಮೇಲ್ ಹಾಕಿದ್ದೆ, ಎಚ್‌ಆರ್ ಪಾಲಿಸಿ ಪಿಡಿಎಫ್ ಕಳಿಸಿ ಸುಮ್ನಾದ್ರು. ಆ ಪ್ರಶ್ನೆಗೆ ಹೂಂ ಅಂದು ಜವಾಬ್ದಾರಿ ಯಾರು ತಗೋತಾರೆ ಹೇಳಿ? ಎರಡನೇ ಸಲ ಕಾರ್ಪೊರೇಟ್ ಕಮ್ಯುನಿಕೇಷನ್‌ಗೂ ಕಂಪ್ಲಯನ್ಸ್‌ಗೂ ಒಟ್ಟಿಗೆ ಬರೆದೆ. ಓಪನ್ ಸೋರ್ಸ್ ಟೂಲ್ ಬಗ್ಗೆ ಆದ್ರೆ ಕೇಳ್ದೆ ಹಾಕ್ತೀನಿ, ಕೆಲಸದ ಅನುಭವ ಇದ್ರೆ ಮೊದ್ಲು ತೋರಿಸ್ತೀನಿ, ಕ್ಲೈಂಟ್, ರೆವೆನ್ಯೂ, ಹೈರಿಂಗ್ ಬಗ್ಗೆ ಬರೆಯೋದೇ ಇಲ್ಲ ಅಂತ ಮೂರು ಭಾಗ ಮಾಡಿ, ಹಾಕೋ ರೂಪದಲ್ಲೇ ಎರಡು ಪೋಸ್ಟ್ ಜೊತೆಗಿಟ್ಟೆ. ಹತ್ತು ದಿನದೊಳಗೆ ಒಪ್ಪಿಗೆ ಬರವಣಿಗೆಯಲ್ಲೇ ಬಂತು. ನಾನು ಬರೆದ ಆ ಮೇಲ್‌ನ ಕೊನೇ ವಾಕ್ಯ ಏನಿತ್ತು ಅಂತ ಮಾತ್ರ ಹೇಳಲ್ಲ, ಕೆಲಸ ಆಗಿದ್ದೇ ಅದ್ರಿಂದ ಅಂತ ನನ್ನ ನಂಬಿಕೆ.

ಕಷ್ಟ ಇರೋದು ಉದಾಹರಣೆ ಕೊಡೋದ್ರಲ್ಲಿ. ಕ್ಲೈಂಟ್‌ನ ಸ್ಲೋ ಕ್ವೆರಿ ಪ್ಲಾನ್‌ನ ಸ್ಕ್ರೀನ್‌ಶಾಟ್ ತೆಗ್ದು ಹೆಸರು ಬ್ಲರ್ ಮಾಡಿದ್ರೆ ಸಾಕು ಅಂತಾರೆ, ಸಾಕಾಗಲ್ಲ, ಟೇಬಲ್ ಹೆಸರು, ಪ್ರಾಂಪ್ಟ್‌ನಲ್ಲಿರೋ ಹೋಸ್ಟ್‌ನೇಮ್, ರೋ ಕೌಂಟ್ ಇವಿಷ್ಟು ಸಾಕು ಆ ಫೀಲ್ಡ್‌ನವ್ರಿಗೆ ಯಾವ ಕ್ಲೈಂಟ್ ಅಂತ ಗೊತ್ತಾಗೋಕೆ. ಅದಕ್ಕೆ ನಾನು ಅದೇ ತೊಂದರೇನ ನನ್ನ ಸ್ವಂತ ಲ್ಯಾಪ್‌ಟಾಪಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಬರೋ `pgbench` ಟೂಲ್‌ನಿಂದ ಹೊಸದಾಗಿ ಕಟ್ತೀನಿ. ಆಫೀಸ್ ಮೆಷಿನ್‌ನಲ್ಲಿ ಮಾಡಿದ್ದು ಕಂಪನಿ ಸ್ವತ್ತು ಅಂತ ಆಫರ್ ಲೆಟರ್‌ನಲ್ಲೇ ಇದೆ.

```
pgbench -i -s 100 test
psql test -c "create table t as select * from pgbench_accounts order by random();"
```

ಇಷ್ಟಕ್ಕೆ ಒಂದು ಕೋಟಿ ರೋ ಬರುತ್ತೆ. ಎರಡನೇ ಸಾಲು ಯಾಕೆ ಅಂದ್ರೆ, ಮೊದಲ ಟೇಬಲ್‌ನಲ್ಲಿ ಒಂದೇ `bid`, ಅಂದ್ರೆ ಬ್ರಾಂಚ್ ನಂಬರ್, ಇರೋ ರೋಗಳು ಪಕ್ಕಪಕ್ಕದಲ್ಲೇ ಕೂತಿರ್ತವೆ, ಅಲ್ಲಿ `bid` ಮೇಲೆ ಇಂಡೆಕ್ಸ್ ಹಾಕಿದ್ರೆ ಮ್ಯಾಜಿಕ್ ಥರ ಕಾಣುತ್ತೆ. ಕಲಸಿದ ಟೇಬಲಲ್ಲಿ ಒಂದು `bid`ನ ಅದೇ ಒಂದು ಲಕ್ಷ ರೋ ಓದೋಕೆ ಟೇಬಲ್‌ನ ಹೆಚ್ಚುಕಮ್ಮಿ ಅರ್ಧದಷ್ಟು ಪೇಜ್‌ಗಳನ್ನ ಮುಟ್ಟಬೇಕು, ಲಾಭ ತುಂಬಾ ಇಳಿಯುತ್ತೆ. ನಿಜವಾದ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಕಾಣೋದೂ ಇದೇ. ನನ್ನ ಪೋಸ್ಟ್‌ಗಳಲ್ಲಿ ಅತೀ ಹೆಚ್ಚು ಓಡಿದ್ದು ಇದು, ಕ್ಲೈಂಟ್‌ದು ಒಂದಕ್ಷರ ಇಲ್ಲ ಅದ್ರಲ್ಲಿ.

ಇನ್ನು ಸ್ವಂತ ಅಭಿಪ್ರಾಯ. 2025ರಲ್ಲಿ ಮೆಟ್ರೋ ದರ ಏರಿಸಿದಾಗ ಕಲೀಗ್ ಒಬ್ರು ಖಾರವಾಗಿ ಬರೆದ್ರು. ಬಯೋನಲ್ಲಿ "ಅಭಿಪ್ರಾಯ ನನ್ನದು ಮಾತ್ರ" ಅಂತ ಇತ್ತು. ಯಾರೋ ಪೋಸ್ಟ್‌ನ ಸ್ಕ್ರೀನ್‌ಶಾಟ್ ತೆಗ್ದು ಕಂಪನಿಗೆ ಟ್ಯಾಗ್ ಮಾಡಿದ್ರು, ಅದ್ರಲ್ಲಿ ಹೆಸರಿನ ಕೆಳಗೆ ಡೆಸಿಗ್ನೇಶನ್, ಕಂಪನಿ ಎರಡೂ ಕಾಣ್ತಿತ್ತು, ಬಯೋ ಕಾಣ್ತಿರ್ಲಿಲ್ಲ. ಅವತ್ತಿಂದ ಕೆಲಸಕ್ಕೆ ಹತ್ತಿರದ ವಿಷಯ ಆದ್ರೆ ಅಭಿಪ್ರಾಯ ನಂದು ಮಾತ್ರ ಅಂತ ಪೋಸ್ಟ್‌ನ ಮೊದಲ ಸಾಲಲ್ಲೇ ಹಾಕ್ತೀನಿ. ಹೆಡ್‌ಲೈನಲ್ಲಿ ಕಂಪನಿ ಹೆಸರು ತೆಗ್ದು "ಪೋಸ್ಟ್‌ಗ್ರೆಸ್ ಪರ್ಫಾರ್ಮೆನ್ಸ್" ಅಂತ ಮಾಡಿದೆ, ಕಂಪನಿ ಹೆಸರು ಎಕ್ಸ್‌ಪೀರಿಯನ್ಸ್ ಭಾಗದಲ್ಲಿ ಮಾತ್ರ. ನೀರು, ರಾಜಕೀಯ, ಭಾಷೆ ಎಲ್ಲಾ ಫೇಸ್‌ಬುಕ್‌ನಲ್ಲಿ, ಫ್ರೆಂಡ್ಸ್‌ಗೆ ಮಾತ್ರ, ಅಲ್ಲಿ ಕಂಪನಿ ಹೆಸರಿಲ್ಲ. ಲೈಕ್ ಒತ್ತೋದೂ ಲೆಕ್ಕಕ್ಕೆ ಬರುತ್ತೆ, ಲಿಂಕ್ಡ್‌ಇನ್ ಅದನ್ನ ಕನೆಕ್ಷನ್ಸ್‌ಗೆ ತೋರಿಸುತ್ತೆ.

ಎಕ್ಸ್‌ನಲ್ಲಿ ಬೇರೆ ಹೆಸರಿನ ಅಕೌಂಟ್ ಕೂಡ ಟ್ರೈ ಮಾಡಿದ್ದೆ. ಫೋನ್ ನಂಬರ್‌ನಿಂದ ಹುಡುಕೋ ಸೆಟ್ಟಿಂಗ್ ಆನ್ ಇದ್ರೆ ಕಲೀಗ್ಸ್‌ಗೆ ಸಜೆಶನ್ ಹೋಗುತ್ತೆ, ಪಾಲಿಸಿ ಹೆಂಗಿದ್ರೂ ಅನ್ವಯ ಆಗುತ್ತೆ, ಆ ಅಕೌಂಟ್‌ನ ಮುಚ್ಚಿಬಿಟ್ಟೆ.

ದುಡ್ಡಿನ ವಿಷಯದಲ್ಲಿ ಕೈಗೆ ಬಂದದ್ದು ಬಿಟ್ಟಿದ್ದೂ ಇದೆ. ಟ್ರೈನಿಂಗ್ ಸಂಸ್ಥೆಯೊಂದು ವೀಕೆಂಡ್ ವರ್ಕ್‌ಶಾಪ್‌ಗೆ ಸುಮಾರು ನಲವತ್ತು ಸಾವಿರ ಕೊಡ್ತೀನಿ ಅಂತು, ಹೊರಗಿನ ದುಡಿಮೆಗೆ ಪರ್ಮಿಷನ್ ಬೇಕು ಅಂತ ಪಾಲಿಸಿ ಇದ್ದಿದ್ರಿಂದ ಬಿಟ್ಟೆ, ಬೇಜಾರಾಯ್ತು. ಆಮೇಲೆ ಪ್ರತಿ ಸಲ ಬೇರೆ ಬೇರೆ ಕೇಳದೆ ವರ್ಷಕ್ಕೊಂದು ಪರ್ಮಿಷನ್ ತಗೊಂಡೆ, ಕಳೆದ ವರ್ಷ ಒಂದು ಲಕ್ಷದ ಮೇಲೆ ಬಂತು, ಐಟಿಆರ್‌ನಲ್ಲೂ ತೋರಿಸಿದ್ದೀನಿ. ಯೂಟ್ಯೂಬ್ ಮಾನಿಟೈಸೇಶನ್ ಇನ್ನೂ ಆಫ್, ಅದಕ್ಕೆ ಪರ್ಮಿಷನ್ ಕೇಳಿ ಹಾಕಿದ ಮೇಲ್‌ಗೆ ಉತ್ತರ ಬಂದಿಲ್ಲ.

ಲಿಸ್ಟೆಡ್ ಕಂಪನಿಯವ್ರಿಗೆ ಇನ್ನೊಂದು. ಕ್ವಾರ್ಟರ್ ಮುಗಿದಾಗಿಂದ ರಿಸಲ್ಟ್ ಬಂದು 48 ಗಂಟೆ ಆಗೋವರೆಗೆ ಟ್ರೇಡಿಂಗ್ ವಿಂಡೋ ಮುಚ್ಚಿರುತ್ತಲ್ಲ, ಅದು ಶೇರ್ ವ್ಯವಹಾರಕ್ಕೆ ಇರೋ ಸೆಬಿ ನಿಯಮ, ಆದ್ರೂ ಆ ಅವಧೀಲಿ ನಾನು "ಟೀಮ್ ಬೆಳೀತಿದೆ", "ದೊಡ್ಡ ಪ್ರಾಜೆಕ್ಟ್ ಶುರು" ಥರದ ಖುಷಿಯ ಪೋಸ್ಟ್‌ಗೂ ಕೈ ಹಾಕಲ್ಲ. ಆಗ ಬರೀ `pgbench` ಪೋಸ್ಟ್‌ಗಳು, ನಾಲ್ಕೈದು ಮೊದಲೇ ಬರೆದು ಇಟ್ಟಿರ್ತೀನಿ.