ಹೋದದ್ದು, ದಾಟಿದ್ದು, ಬಂದದ್ದು: ಬಾಡಿಗೆ ಸಾಮಾನಿನ ಲೆಕ್ಕ ನನಗೆ ಸಿಕ್ಕಿದ್ದು ಹೀಗೆ

ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷದಿಂದ ಇದ್ದೇನೆ. ಮೊದಲ ಹತ್ತು ವರ್ಷ ವರ್ಷಕ್ಕೆ ಸುಮಾರು 35-40 ಸಾವಿರ ರೂಪಾಯಿ ಸಾಮಾನು ಕಳೆದುಕೊಂಡೆ. ಕುರ್ಚಿ ಜಾಸ್ತಿ ಹೋಗಲಿಲ್ಲ. ಹೋಗಿದ್ದು ಲೋಟ, ಸೌಟು, ಕುರ್ಚಿ ಕವರು.

ಆಗ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಮದುವೆ ಛತ್ರದಲ್ಲಿ ಇಳಿಸುವಾಗ ಎಣಿಸಿ ಹುಡುಗಿಯ ತಂದೆಯ ಸಹಿ, ವಾಪಸ್ ಬಂದದ್ದನ್ನು ಮಾರನೇ ದಿನ ಗೋಡೌನಿನಲ್ಲಿ ಎಣಿಸುವುದು. ಅಷ್ಟರಲ್ಲಿ ಛತ್ರ ಖಾಲಿ, ನೆಂಟರೆಲ್ಲ ಬಸ್ಸು ಹತ್ತಿರುತ್ತಾರೆ. "ನಿಮ್ಮ ಗಾಡಿಯಲ್ಲೇ ಬಿದ್ದಿರಬೇಕು ನೋಡಿ" ಅಂದರೆ ನಾನು ಏನು ಉತ್ತರ ಕೊಡಲಿ?

ಈಗ ಎರಡು ಬದಲಾವಣೆ ಮಾಡಿದ್ದೇನೆ. ಒಂದು, ವಾಪಸ್ ಎಣಿಕೆ ಛತ್ರದಲ್ಲೇ, ಗಾಡಿಗೆ ಹತ್ತಿಸುವ ಮೊದಲು. ಸಹಿ ಹುಡುಗಿಯ ತಂದೆಯದಲ್ಲ, ಉಗ್ರಾಣ ನೋಡಿಕೊಳ್ಳುವವರದು. ಅವರು ಸೋದರಮಾವನೋ ಚಿಕ್ಕಪ್ಪನೋ ಆಗಿರುತ್ತಾರೆ, ಸಾಮಾನು ಎಲ್ಲಿಗೆ ಹೋಯಿತು ಅನ್ನೋದು ಅವರಿಗೇ ಗೊತ್ತು. ಇನ್ನೊಂದು, ಚೀಟಿ ಪುಸ್ತಕದಲ್ಲಿ 'ಹೋದದ್ದು', 'ಬಂದದ್ದು' ನಡುವೆ ಒಂದು ಕಾಲಂ ಹಾಕಿದೆ: 'ದಾಟಿದ್ದು'. ಛತ್ರದಿಂದ ಬೀಗರ ಊಟಕ್ಕೋ, ಮನೆ ದೇವರ ಕಾರ್ಯಕ್ಕೋ ಸಾಮಾನು ಹೊರಟರೆ ಅದಕ್ಕೆ ಬೇರೆ ಕಾರ್ಬನ್ ಚೀಟಿ, ಅಲ್ಲಿ ಪಡೆದವರ ಸಹಿ. ನಮ್ಮ ಸಾಮಾನು ಕಳೆಯುವುದು ಹೆಚ್ಚಾಗಿ ಈ ದಾಟುವ ಜಾಗದಲ್ಲೇ.

ನಮ್ಮೂರಿನ ಬೇರೆ ಅಂಗಡಿಯವರು ಒಪ್ಪಲಿಲ್ಲ. "ಮದುವೆ ಮನೇಲಿ ಲೋಟ ಎಣಿಸ್ತಾ ಕೂತರೆ ಮುಂದಿನ ಸಲ ಯಾರು ಕರೀತಾರೆ?" ಅಂದರು. ಅದರಲ್ಲಿ ಇಬ್ಬರು ಈಗ ನನ್ನ ಚೀಟಿ ಪುಸ್ತಕದ ಮಾದರಿಯನ್ನೇ ಅಚ್ಚು ಹಾಕಿಸಿಕೊಂಡಿದ್ದಾರೆ.

ಹೋದ ವೈಶಾಖದ ಒಂದು ಮದುವೆ ಹೇಳುತ್ತೇನೆ. ಹೋದದ್ದು 400 ಕುರ್ಚಿ, 600 ಲೋಟ. ಮುಹೂರ್ತ ಮುಗಿದ ಮೇಲೆ 120 ಕುರ್ಚಿ, 200 ಲೋಟ ಗಂಡಿನ ಊರಿಗೆ ಟ್ರ್ಯಾಕ್ಟರಿನಲ್ಲಿ ದಾಟಿದವು. ಛತ್ರದಲ್ಲಿ ಉಳಿಯಬೇಕಾದದ್ದು 280 ಕುರ್ಚಿ, 400 ಲೋಟ. ಕುರ್ಚಿ ಸರಿಯಾಗಿತ್ತು, ಒಂದರ ಕಾಲು ಮುರಿದಿತ್ತು. ಮುರಿದದ್ದನ್ನೂ 'ಬಂದದ್ದು' ಅಂತಲೇ ಬರೆದು ಪಕ್ಕದಲ್ಲಿ ಗುರುತು ಹಾಕಬೇಕು, ಇಲ್ಲದಿದ್ದರೆ ಆಮೇಲೆ ಅದನ್ನೇ ಕಳೆದದ್ದು ಅಂತ ಎರಡನೇ ಸಲ ಲೆಕ್ಕಕ್ಕೆ ಹಿಡಿಯುತ್ತೇವೆ. ಲೋಟ 391 ಇತ್ತು. ಎಂಜಲೆಲೆ ಗಾಡಿ ಇನ್ನೂ ಹೊರಟಿರಲಿಲ್ಲ, ಹುಡುಗರು ಎಲೆ ಸರಿಸಿ ಆರು ತೆಗೆದರು. ಗೋಡೌನಿಗೆ ಬಂದು ಎಣಿಸಿದ್ದರೆ ಆ ಆರೂ ತಿಪ್ಪೆ ಸೇರಿರುತ್ತಿದ್ದವು. ಉಳಿದ ಮೂರಕ್ಕೆ ತಲಾ 40 ರೂಪಾಯಿ ಮುಂಗಡದಲ್ಲಿ ಹಿಡಿದೆ. ಉಗ್ರಾಣ ನೋಡಿಕೊಳ್ಳುತ್ತಿದ್ದ ಹುಡುಗಿಯ ಸೋದರಮಾವ ಎದುರಿಗೇ ಇದ್ದದ್ದರಿಂದ ಒಂದು ಮಾತೂ ಬರಲಿಲ್ಲ.

ಗಂಡಿನ ಊರಿನಲ್ಲಿ 118 ಕುರ್ಚಿ ಸಿಕ್ಕಿತು. ಚೀಟಿಗೆ ಸಹಿ ಹಾಕಿದ್ದವರಿಗೆ ಅಲ್ಲೇ ತೋರಿಸಿದೆ. ಅವರೇ ನೆನಪು ಮಾಡಿಕೊಂಡು ಪಕ್ಕದ ಮನೆ ಜಗಲಿಯಿಂದ ಎರಡೂ ತರಿಸಿದರು.

ಎಣಿಕೆಗೆ ಹೊತ್ತು ಹಿಡಿಯಬಾರದು ಅಂದರೆ ಪೇರಿಸುವುದು ಸರಿ ಇರಬೇಕು. ಒಂದೇ ಮಾಡಲ್ಲಿನ ಹತ್ತು ಕುರ್ಚಿಗೆ ಒಂದು ಪೇರಿ. ಹತ್ತು ಪೇರಿ ಗೋಡೆಗೆ ಸಾಲಾಗಿ ನಿಲ್ಲಿಸಿದರೆ ಒಂಬತ್ತಿರುವ ಪೇರಿ ಕಣ್ಣಿಗೇ ಬೀಳುತ್ತದೆ. ಎರಡು ಮಾಡಲ್ ಬೆರೆತರೆ ಎತ್ತರ ಏರುಪೇರಾಗಿ ಮೋಸ ಹೋಗುತ್ತೀರಿ. ಕವರನ್ನು 25ರ ಗಂಟು ಕಟ್ಟಿಸುತ್ತೇನೆ. ಛತ್ರದ ಪಾತ್ರೆ ನಮ್ಮದರ ಜೊತೆ ಬೆರೆಯದ ಹಾಗೆ ಹೆಸರು ಕೊರೆಸಿರುವುದಲ್ಲದೆ ಬೇರೊಂದು ಗುರುತೂ ಇದೆ, ಅದು ಎಲ್ಲಿದೆ ಅಂತ ಇಲ್ಲಿ ಬರೆಯುವುದಿಲ್ಲ.

ಲೋಟವನ್ನು ತೂಕದಲ್ಲಿ ಎಣಿಸಲು ಒಂದು ಸೀಸನ್ ಪೂರ್ತಿ ನೋಡಿದೆ. 2,800 ರೂಪಾಯಿ ಕೊಟ್ಟು ತಕ್ಕಡಿ ತಂದೆ. ನಮ್ಮ ಲೋಟ ನೂರಕ್ಕೆ ಹೆಚ್ಚುಕಡಿಮೆ ಏಳು ಕೆಜಿ. ತೊಳೆದು ಒಂದರೊಳಗೊಂದು ಇಟ್ಟಾಗ ಸಂದಿಯಲ್ಲಿ ನೀರು ನಿಂತು 200 ಗ್ರಾಂ ಜಾಸ್ತಿ ತೋರಿಸುತ್ತಿತ್ತು. ಅಂದರೆ ಮೂರು ಲೋಟ ಕಡಿಮೆ ಇದ್ದರೂ ಲೆಕ್ಕ ಸರಿ ಅನ್ನಿಸುತ್ತಿತ್ತು. ಕೈಬಿಟ್ಟೆ. ಪಾತ್ರೆಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ದೂ ಆಯಿತು. ಬಿಸಿನೀರು, ಎಣ್ಣೆ, ತೆಂಗಿನ ನಾರಿನ ಉಜ್ಜಾಟಕ್ಕೆ ಎರಡನೇ ಮದುವೆಗೇ ಕಿತ್ತು ಬಂತು.

ಈಗ ವರ್ಷದ ನಷ್ಟ ಆರೇಳು ಸಾವಿರ. ಅದರಲ್ಲಿ ಅರ್ಧ ಸೌಟಿನದೇ. ಅಡುಗೆ ಭಟ್ಟರೂ ತಮ್ಮ ಸೌಟು ತರುತ್ತಾರೆ, ರಾತ್ರಿ ಗಂಟು ಕಟ್ಟುವಾಗ ಎರಡೂ ಬೆರೆಯುತ್ತವೆ. 30 ಮೊಳೆ ಹೊಡೆದ ಹಲಗೆ ಒಲೆಯ ಪಕ್ಕ ಇಟ್ಟೆ, ಖಾಲಿ ಮೊಳೆ ಕಂಡರೆ ಸೌಟು ಇಲ್ಲ ಅಂತ ಲೆಕ್ಕ. ಒಲೆ ಮುಂದೆ ಬೆವರುತ್ತಾ ನಿಂತವರಿಗೆ ತಗುಲಿಹಾಕಲು ಪುರುಸೊತ್ತೆಲ್ಲಿ? ಈ ಸೀಸನ್ನಿಗೆ ನಮ್ಮ ಸೌಟಿನ ಹಿಡಿಗೆಲ್ಲ ತಾಮ್ರದ ತಂತಿ ಸುತ್ತಿಸುತ್ತಿದ್ದೇನೆ. ಮೊದಲ ಮದುವೆ ಮಾಘದಲ್ಲಿದೆ.